ಮೇಲೂರಿನ ಗಾಳಿ, ಪ್ಯಾನೆಲ್ ರೂಮಿನ ತೂತು

ಒಂದೇ ಅಳತೆಯ ಎರಡು ಪ್ಯಾನೆಲ್ ರೂಮುಗಳಿವೆ ಎಂದಿಟ್ಟುಕೊಳ್ಳಿ. ಒಂದು ಮಂಗಳೂರಿನ ಪಣಂಬೂರಿನಲ್ಲಿ, ಸಮುದ್ರದ ಮಗ್ಗುಲಲ್ಲಿ. ಇನ್ನೊಂದು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ. ಎರಡೂ 8 ಮೀಟರ್ ಉದ್ದ, 5 ಮೀಟರ್ ಅಗಲ, 3.5 ಮೀಟರ್ ಎತ್ತರ. ಒಳಗೆ ಅದೇ 11 ಕೆವಿ ಪ್ಯಾನೆಲ್, ಅದೇ ಕೇಬಲ್ ಟ್ರೇ, ನೆಲದಲ್ಲಿ ಅದೇ ಟ್ರೆಂಚ್. ಬೆಂಕಿ ಆರಿಸಲು ಎರಡಕ್ಕೂ ಒಂದೇ ಬಗೆಯ ಅನಿಲ. ಆದರೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೆಕ್ಕ ಹಾಕಿದರೆ ಪಣಂಬೂರಿಗೆ ಸುಮಾರು 80 ಕೆ.ಜಿ. ಅನಿಲ ಬೇಕು, ಮೇಲೂರಿಗೆ 71 ಕೆ.ಜಿ. ಸಾಕು.

ಒಂಬತ್ತು ಕೆ.ಜಿ. ಉಳಿದದ್ದು ಎತ್ತರದಿಂದ. ಮೇಲೂರಿನಿಂದ ತುಸು ದೂರದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಬಯಲೂ ಹೆಚ್ಚುಕಡಿಮೆ ಅದೇ ಮಟ್ಟ. ಇಲ್ಲಿ ಗಾಳಿಯ ಒತ್ತಡ ಕರಾವಳಿಯದ್ದಕ್ಕಿಂತ ಶೇ 10ರಷ್ಟು ಕಡಿಮೆ. ಒತ್ತಡ ಕಡಿಮೆಯಾದಲ್ಲಿ ಸಿಲಿಂಡರಿನಿಂದ ಬಿಟ್ಟ ಅದೇ ತೂಕದ ಅನಿಲ ಹೆಚ್ಚು ಜಾಗ ತುಂಬುತ್ತದೆ. ಅಮೆರಿಕದ ಎನ್‌ಎಫ್‌ಪಿಎ 2001 ಎಂಬ ಮಾನದಂಡದಲ್ಲಿ ಇದಕ್ಕೊಂದು ಕೋಷ್ಟಕವೇ ಇದೆ; 3,000 ಅಡಿ ಎತ್ತರಕ್ಕೆ ಅದು ಕೊಡುವ ಗುಣಕ 0.89. ಕರಾವಳಿಗೆ ಬರೆದ ಡ್ರಾಯಿಂಗನ್ನೇ ಚಿಕ್ಕಬಳ್ಳಾಪುರ ಜಿಲ್ಲೆಗೂ ತಂದಿಟ್ಟರೆ ಬೆಂಕಿಯೇನೋ ಆರುತ್ತದೆ. ಆದರೆ ಶೇ 7 ಇರಬೇಕಾದ ಅನಿಲ ಶೇ 7.8 ಆಗಿರುತ್ತದೆ. ಅದರಿಂದಾಗುವ ತೊಂದರೆ ಯಾವುದೆಂದು ಮುಂದೆ ಗೊತ್ತಾಗುತ್ತದೆ.

ಪ್ಯಾನೆಲ್ ರೂಮಿನಲ್ಲಿ ಬೆಂಕಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ದೂರದಿಂದ ನೋಡಿ ತಿಳಿಯಬೇಕಾಗಿಲ್ಲ. 2016ರ ಫೆಬ್ರುವರಿಯಲ್ಲಿ ಜೋಗದ ಬಳಿಯ ಶರಾವತಿ ವಿದ್ಯುದಾಗಾರದಲ್ಲಿ ಬೆಂಕಿ ಹೊತ್ತಿಕೊಂಡು ಕೇಬಲ್‌ಗಳು ಸುಟ್ಟವು, 1,035 ಮೆಗಾವಾಟ್ ಸಾಮರ್ಥ್ಯದ ಘಟಕ ಉತ್ಪಾದನೆ ನಿಲ್ಲಿಸಿತು. 2020ರ ಆಗಸ್ಟ್ 20ರ ರಾತ್ರಿ ಕೃಷ್ಣಾ ನದಿಯ ಶ್ರೀಶೈಲಂ ಎಡದಂಡೆಯ ನೆಲದೊಳಗಿನ ವಿದ್ಯುದಾಗಾರದಲ್ಲಿ ಎದ್ದ ಬೆಂಕಿ, ಹೊಗೆಗೆ ಒಂಬತ್ತು ಜನ ಪ್ರಾಣ ಬಿಟ್ಟರು. ಇವು ದೈತ್ಯ ಘಟಕಗಳು. ಗೌರಿಬಿದನೂರಿನ ಕಾರ್ಖಾನೆಯದ್ದೋ ಶಿಡ್ಲಘಟ್ಟದ ದೊಡ್ಡ ರೇಷ್ಮೆ ಘಟಕದ್ದೋ ಪ್ಯಾನೆಲ್ ರೂಮು ಇವುಗಳ ಮುಂದೆ ಪುಟ್ಟದು. ಆದರೆ ಉರಿಯುವ ವಸ್ತು ಅದೇ: ಕೇಬಲ್ಲಿನ ಪಿವಿಸಿ, ಪಾಲಿಥೀನ್ ಹೊದಿಕೆ. ಒಮ್ಮೆ ಹತ್ತಿದರೆ ಕಪ್ಪು ಹೊಗೆ ಉಗುಳುತ್ತಾ ಟ್ರೇ ಉದ್ದಕ್ಕೂ ಹರಿಯುತ್ತದೆ. ನೀರು ಹೊಡೆದರೆ ಉಳಿದ ಪ್ಯಾನೆಲ್ಲೂ ಹಾಳಾಗುತ್ತದೆ, ಡ್ರೈ ಪೌಡರ್ ಎರಚಿದರೆ ಆ ಪುಡಿಯನ್ನು ರಿಲೇ ಮತ್ತು ಕಾಂಟ್ಯಾಕ್ಟುಗಳ ಸಂದಿಯಿಂದ ತೆಗೆಯುವುದೇ ಒಂದು ವಾರದ ಕೆಲಸ. ಆದ್ದರಿಂದ ಇಂಥ ಕೋಣೆಗಳಿಗೆ ಕ್ಲೀನ್ ಏಜೆಂಟ್ ಎಂಬ ಅನಿಲ. ಇದು ವಿದ್ಯುತ್ ಹರಿಸುವುದಿಲ್ಲ, ಆವಿಯಾಗಿ ಹೋದ ಮೇಲೆ ಏನನ್ನೂ ಉಳಿಸುವುದಿಲ್ಲ.

ಮೊದಲು ಈ ಜಾಗದಲ್ಲಿ ಹ್ಯಾಲನ್ 1301 ಇತ್ತು. ಓಜೋನ್ ಪದರಕ್ಕೆ ಕಂಟಕವೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಹೊರಗಟ್ಟಿತು. ಕಾರ್ಬನ್ ಡೈ ಆಕ್ಸೈಡ್ ಅಗ್ಗ, ಆದರೆ ಬೆಂಕಿ ಆರಿಸಲು ಕೋಣೆಯ ಗಾಳಿಯಲ್ಲಿ ಶೇ 34ಕ್ಕೂ ಹೆಚ್ಚು ತುಂಬಬೇಕು, ಒಳಗೆ ಮನುಷ್ಯ ಸಿಕ್ಕಿಕೊಂಡರೆ ಬದುಕುವುದಿಲ್ಲ. ಇವತ್ತು ನಮ್ಮ ಪ್ಯಾನೆಲ್ ರೂಮುಗಳಲ್ಲಿ ಹೆಚ್ಚಾಗಿ ಕಾಣುವ ಕೆಂಪು ಸಿಲಿಂಡರಿನಲ್ಲಿರುವುದು ಎಚ್‌ಎಫ್‌ಸಿ-227ಇಎ. ಎಫ್‌ಎಂ-200 ಎಂಬ ವ್ಯಾಪಾರಿ ಹೆಸರಿನಿಂದಲೇ ಇದು ಎಲ್ಲರಿಗೂ ಪರಿಚಯ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಕಾರ್ಬನ್ ಡೈ ಆಕ್ಸೈಡಿಗಿಂತ ಮೂರು ಸಾವಿರ ಪಟ್ಟಿಗೂ ಮೀರಿದ್ದು. ಹೀಗಾಗಿ ಇದಕ್ಕೂ ಮುಂದೆ ಕತ್ತರಿ ಬೀಳುತ್ತದೆ. ಇಂಥ ಅನಿಲಗಳ ಬಳಕೆ ಇಳಿಸುವ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಾಗಿದೆ. ಸದ್ಯ ನಮ್ಮ ಮೇಲೂರಿನ ಮಾದರಿ ಕೋಣೆಗೆ ಇದನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ.

ಲೆಕ್ಕದ ಸೂತ್ರ ಒಂದೇ ಸಾಲಿನದು.

```
W = (V / s) × C / (100 − C)
```

W ಎಂದರೆ ಬೇಕಾದ ಅನಿಲದ ತೂಕ, V ಕೋಣೆಯ ಗಾತ್ರ, C ಗಾಳಿಯಲ್ಲಿ ಅನಿಲದ ಶೇಕಡಾ ಪ್ರಮಾಣ, s ಎಂದರೆ ಒಂದು ಕೆ.ಜಿ. ಅನಿಲ ಆವಿಯಾದಾಗ ತುಂಬುವ ಜಾಗ. ಈ ಕೊನೆಯದು ಉಷ್ಣತೆಯ ಜೊತೆ ಬದಲಾಗುತ್ತದೆ. ಎಚ್‌ಎಫ್‌ಸಿ-227ಇಎಗೆ 20 ಡಿಗ್ರಿಯಲ್ಲಿ ಅದು 0.137 ಘನ ಮೀಟರ್. ಚಳಿಯಲ್ಲಿ ಕುಗ್ಗುತ್ತದೆ, ಸೆಖೆಯಲ್ಲಿ ಹಿಗ್ಗುತ್ತದೆ.

ಗಾತ್ರ ಅಳೆಯುವಾಗಲೇ ಮೊದಲ ತಪ್ಪು ನುಸುಳುತ್ತದೆ. 8 × 5 × 3.5 ಎಂದರೆ 140 ಘನ ಮೀಟರ್. ಅಷ್ಟೇ ಬರೆದು ಮುಗಿಸಿದರೆ ನೆಲದ ಟ್ರೆಂಚ್ ಬಿಟ್ಟುಹೋಯಿತು. ಚೆಕ್ಕರ್ ಪ್ಲೇಟಿನ ಕೆಳಗಿರುವ 12 ಮೀಟರ್ ಉದ್ದ, 60 ಸೆಂ.ಮೀ. ಅಗಲ, 75 ಸೆಂ.ಮೀ. ಆಳದ ಕಾಲುವೆ ಅಂದರೆ ಇನ್ನೂ 5.4 ಘನ ಮೀಟರ್. ಕೇಬಲ್ ಹೆಚ್ಚು ಇರುವುದೇ ಅಲ್ಲಿ, ಬೆಂಕಿ ಬೇಕಾದರೆ ಅಲ್ಲೇ ಹುಟ್ಟುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಇದೆ. ಪ್ಯಾನೆಲ್‌ಗಳು ಜಾಗ ಹಿಡಿದಿವೆಯಲ್ಲ ಎಂದು ಅವುಗಳ ಗಾತ್ರವನ್ನು ಕಳೆಯುವವರಿದ್ದಾರೆ. ಪ್ಯಾನೆಲ್ ಟೊಳ್ಳು, ಅದರೊಳಗೂ ಅನಿಲ ಹೋಗಲೇಬೇಕು. ಕಳೆಯಬಹುದಾದದ್ದು ಕಾಂಕ್ರೀಟ್ ಕಂಬದಂಥ ಗಟ್ಟಿ ವಸ್ತು ಮಾತ್ರ. ನಮ್ಮ ಕೋಣೆಗೆ V = 145.4.

ಇನ್ನು C. ಪರೀಕ್ಷೆಯ ಕೋಣೆಯಲ್ಲಿ ಮರ, ಪ್ಲಾಸ್ಟಿಕ್ ಸುಟ್ಟು ನೋಡಿ, ಬೆಂಕಿ ಆರುವ ಕನಿಷ್ಠ ಪ್ರಮಾಣವನ್ನು ಪ್ರಯೋಗದಿಂದ ಕಂಡುಕೊಳ್ಳುತ್ತಾರೆ. ಅದನ್ನು ಸುರಕ್ಷತೆಯ ಗುಣಕದಿಂದ ಹೆಚ್ಚಿಸಿದರೆ ವಿನ್ಯಾಸದ ಪ್ರಮಾಣ. ವಿದ್ಯುತ್ ಇರುವ ಉಪಕರಣಕ್ಕೆ ಎನ್‌ಎಫ್‌ಪಿಎ ಹೇಳುವ ಗುಣಕ 1.35, ಎಚ್‌ಎಫ್‌ಸಿ-227ಇಎಗೆ ಅದು ಸುಮಾರು ಶೇ 7ಕ್ಕೆ ಬಂದು ನಿಲ್ಲುತ್ತದೆ. ಮೇಲೂರಿನ ಡಿಸೆಂಬರ್ ರಾತ್ರಿ ಕೋಣೆ 12 ಡಿಗ್ರಿಗೆ ಇಳಿಯಬಹುದು ಎಂದಿಟ್ಟುಕೊಂಡು, ಎತ್ತರದ 0.89 ಸೇರಿಸಿ ಲೆಕ್ಕ ಹಾಕಿದರೆ 73 ಕೆ.ಜಿ. ಆಯಿತು. ತೂಕವನ್ನು ಯಾವಾಗಲೂ ಅತಿ ಚಳಿಯ ಹೊತ್ತಿಗೆ ಲೆಕ್ಕ ಮಾಡಬೇಕು, ಯಾಕೆಂದರೆ ಅನಿಲ ಕುಗ್ಗುವುದು ಆಗ. ಆಮೇಲೆ ಅದೇ 73 ಕೆ.ಜಿ.ಯನ್ನು ಅತಿ ಸೆಖೆಯ ಹೊತ್ತಿನಲ್ಲಿ ಬಿಟ್ಟರೆ ಏನಾಗುತ್ತದೆಂದು ನೋಡಬೇಕು. ಏಪ್ರಿಲ್ ಮಧ್ಯಾಹ್ನ, ಎಸಿ ಕೆಟ್ಟು ಕೋಣೆ 40 ಡಿಗ್ರಿಗೆ ಏರಿದ್ದಾಗ ಅದು ಶೇ 7.7 ಆಗುತ್ತದೆ. ಮನುಷ್ಯರ ಹೃದಯಕ್ಕೆ ಯಾವ ದುಷ್ಪರಿಣಾಮವೂ ಕಾಣದ ಮಿತಿ ಈ ಅನಿಲಕ್ಕೆ ಶೇ 9. ಪರವಾಗಿಲ್ಲ, ಅದರೊಳಗೇ ಇದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಕೇಬಲ್ ಟ್ರೇಗಳು ಬಿಟ್ಟಿದ್ದರೆ. ಐಎಸ್‌ಒ 14520 ಎಂಬ ಅಂತರರಾಷ್ಟ್ರೀಯ ಮಾನದಂಡ ಒಂದು ಪ್ರಶ್ನೆ ಎತ್ತುತ್ತದೆ. ಕೇಬಲ್ ಕಟ್ಟಿನ ದಪ್ಪ 100 ಮಿ.ಮೀ. ದಾಟಿದೆಯೇ? ಟ್ರೇಯ ಅಡ್ಡಕೊಯ್ತದಲ್ಲಿ ಶೇ 20ಕ್ಕಿಂತ ಹೆಚ್ಚು ಭಾಗ ಕೇಬಲ್ ತುಂಬಿದೆಯೇ? ಒಂದರ ಮೇಲೊಂದು ಇರುವ ಟ್ರೇಗಳ ನಡುವೆ 250 ಮಿ.ಮೀ. ಅಂತರವೂ ಇಲ್ಲವೇ? ಬೆಂಕಿ ಆರಿಸುವಾಗಲೂ 5 ಕಿಲೋವಾಟ್‌ಗಿಂತ ಹೆಚ್ಚಿನ ಉಪಕರಣ ಚಾಲೂ ಇರುತ್ತದೆಯೇ? ಇವುಗಳಲ್ಲಿ ಯಾವುದೊಂದಕ್ಕೆ ಹೌದು ಎಂದರೂ ಬೆಂಕಿ ಮೊಂಡು ಜಾತಿಯದು ಎಂದು ಲೆಕ್ಕ. ಪ್ರಮಾಣ ಶೇ 8.5ಕ್ಕೆ ಏರಬೇಕು. ಹತ್ತು ವರ್ಷ ಹಳೆಯ ಯಾವುದೇ ಕಾರ್ಖಾನೆಯ ಪ್ಯಾನೆಲ್ ರೂಮಿಗೆ ಹೋಗಿ ಟ್ರೇ ನೋಡಿದವರಿಗೆ ಉತ್ತರ ಗೊತ್ತು. ಹೊಸ ಮೋಟರ್ ಬಂದಾಗಲೆಲ್ಲ ಹೊಸ ಕೇಬಲ್ ಎಳೆದಿರುತ್ತಾರೆ, ಹಳೆಯದನ್ನು ಯಾರೂ ತೆಗೆದಿರುವುದಿಲ್ಲ.

ಶೇ 8.5 ಎಂದರೆ ನಮ್ಮ ಕೋಣೆಗೆ 90 ಕೆ.ಜಿ. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಅದು ಶೇ 9.3 ಆಗುತ್ತದೆ, ಸುರಕ್ಷಿತ ಮಿತಿಯನ್ನು ದಾಟುತ್ತದೆ. ದುಷ್ಪರಿಣಾಮ ಮೊದಲು ಕಾಣಿಸಿಕೊಳ್ಳುವ ಶೇ 10.5ರ ಎರಡನೆಯ ಮಿತಿ ಇನ್ನೂ ದೂರವಿದೆ, ಹಾಗಾಗಿ ಮಾನದಂಡಕ್ಕೆ ವಿರುದ್ಧವಲ್ಲ. ಆದರೆ ಒಳಗಿರುವವರು ಹೊರಬರಲು ಹೊತ್ತು ಕೊಡುವ ಸೈರನ್, 30 ಸೆಕೆಂಡಿನ ತಡೆ, ಇವು ಬಿಗಿಯಾಗಿರಲೇಬೇಕು. ಎತ್ತರದ ಗುಣಕವನ್ನೂ ಮರೆತು ಕರಾವಳಿಯ ಲೆಕ್ಕದಲ್ಲಿ ಸಿಲಿಂಡರ್ ತುಂಬಿಸಿದ್ದರೆ ಈ ಎರಡನೆಯ ಮಿತಿಯ ಹತ್ತಿರಕ್ಕೇ ಬಂದಿರುತ್ತಿತ್ತು. ಮೊದಲು ಹೇಳಿದ ಶೇ 7.8ರ ತೊಂದರೆ ಇದೇ. ‘ಸ್ವಲ್ಪ ಹೆಚ್ಚೇ ಇರಲಿ’ ಎನ್ನುವ ನಮ್ಮ ಮಾತು ಇಲ್ಲಿ ನಡೆಯುವುದಿಲ್ಲ.

ಪ್ರಮಾಣದ ಮಾತು ಬಂದಾಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಅನಿಲ ಬಿಡುವ ಹೊತ್ತಿಗೆ ಪ್ಯಾನೆಲ್ಲಿನಲ್ಲಿ ಕರೆಂಟು ಇರುತ್ತದೆಯೋ ಇಲ್ಲವೋ? ಮೇಲೆ ಹೇಳಿದ ಶೇ 7ರ ಅಂಕಿ ಎನ್‌ಎಫ್‌ಪಿಎ ಪ್ರಕಾರ 480 ವೋಲ್ಟ್‌ವರೆಗಿನ ಉಪಕರಣಕ್ಕೆ ಮಾತ್ರ. ಅದನ್ನು ಮೀರಿದ ವೋಲ್ಟೇಜು ಚಾಲೂ ಇರುವುದಾದರೆ ಪ್ರಮಾಣವನ್ನು ಪುಸ್ತಕ ನೋಡಿ ಬರೆಯುವಂತಿಲ್ಲ, ಪರೀಕ್ಷೆ ಮತ್ತು ಅಪಾಯದ ವಿಶ್ಲೇಷಣೆಯಿಂದ ಗೊತ್ತುಮಾಡಬೇಕು. ನಮ್ಮದು 11,000 ವೋಲ್ಟ್. ಹಾಗಾಗಿ ವಿನ್ಯಾಸಕಾರರು ಹಿಡಿಯುವ ದಾರಿ ಸರಳ: ಹೊಗೆಯ ಎರಡನೆಯ ಡಿಟೆಕ್ಟರ್ ಎಚ್ಚರಿಕೆ ಕೊಟ್ಟ ಕೂಡಲೇ ಬ್ರೇಕರ್ ಟ್ರಿಪ್ ಆಗಬೇಕು, ಆಮೇಲೆ ಅನಿಲ. ಕಾಗದದ ಮೇಲೆ ಇದು ಚೆನ್ನಾಗಿದೆ. ಕೋಣೆಯಲ್ಲಿ ನಿಂತು ನೋಡಿದರೆ ಇನ್‌ಕಮರ್ ಬ್ರೇಕರ್ ಟ್ರಿಪ್ ಆದರೂ ಅದರ ಹಿಂಭಾಗದ ಕೇಬಲ್‌ಗೆ ಬೆಸ್ಕಾಂ ಫೀಡರಿನಿಂದ 11 ಕೆವಿ ಬರುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ಹೊರಗಿನ ರಿಂಗ್ ಮೇನ್ ಯೂನಿಟ್ಟೋ ಕಂಬದ ಮೇಲಿನ ಸ್ವಿಚ್ಚೋ ತೆರೆಯಬೇಕು, ಅಥವಾ ಸಬ್‌ಸ್ಟೇಷನ್ನಿಗೆ ಫೋನ್ ಹೋಗಬೇಕು. ಬ್ಯಾಟರಿಯಿಂದ ಬರುವ ಡಿಸಿ ಕಂಟ್ರೋಲ್ ಸಪ್ಲೈಯೂ ಇರುತ್ತದೆ. ಆರ್ಕ್ ಹೊಡೆಯುತ್ತಿರುವ ಕಡೆ ಕರೆಂಟು ಇದ್ದರೆ ಯಾವ ಅನಿಲವೂ ಆರಿಸಲಾರದು. ಬಿಸಿ ಲೋಹ ತಣಿಯದೆ ಅನಿಲ ಒಡೆದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ, ಕಣ್ಣು, ಗಂಟಲು ಸುಡುವ ಆ ಆಮ್ಲ ರಿಲೇಗಳ ತಾಮ್ರವನ್ನೂ ತಿನ್ನುತ್ತದೆ.

ಈಗ ಲೆಕ್ಕ ಮಾಡಿದ ಅನಿಲ ಹೊರಬಂತು ಎನ್ನೋಣ. ನಿಯಮದ ಪ್ರಕಾರ ನಾಝಲ್‌ಗಳು 10 ಸೆಕೆಂಡಿನೊಳಗೆ ಅದನ್ನು ಸುರಿದಿರಬೇಕು. ದ್ರವವಾಗಿದ್ದ ಅನಿಲ ಆವಿಯಾಗುವಾಗ ಬಿಳಿ ಮಂಜು ಕವಿಯುತ್ತದೆ, ಜ್ವಾಲೆ ಕಣ್ಣು ಮಿಟುಕಿಸುವುದರೊಳಗೆ ಆರುತ್ತದೆ. ಆದರೆ ಟ್ರೇಯ ನಡುವೆ ಕೆಂಡದಂತಾದ ತಾಮ್ರ, ಕರಗಿದ ಪ್ಲಾಸ್ಟಿಕ್ ಇನ್ನೂ ಇದೆ. ಅದು ತಣಿಯಲು ಹೊತ್ತು ಬೇಕು. ಅನಿಲ ತೊಲಗಿ ಗಾಳಿ ಬಂದರೆ ಮತ್ತೆ ಹತ್ತಿಕೊಳ್ಳುತ್ತದೆ, ಈ ಸಲ ಸಿಲಿಂಡರ್ ಖಾಲಿ. ಆದ್ದರಿಂದ ಎರಡನೆಯ ನಿಯಮ: ರಕ್ಷಿಸಬೇಕಾದ ವಸ್ತುಗಳಲ್ಲಿ ಅತಿ ಎತ್ತರದ್ದು ಯಾವುದೋ ಆ ಮಟ್ಟದಲ್ಲಿ, ವಿನ್ಯಾಸದ ಪ್ರಮಾಣದ ಶೇ 85ರಷ್ಟಾದರೂ ಅನಿಲ ಕನಿಷ್ಠ 10 ನಿಮಿಷ ನಿಲ್ಲಬೇಕು. ಚಿಕ್ಕಬಳ್ಳಾಪುರದಿಂದ ಅಗ್ನಿಶಾಮಕ ವಾಹನ ಬರಲು ಇನ್ನೂ ಹೆಚ್ಚು ಹೊತ್ತು ಬೇಕೆಂದಾದರೆ ಅಷ್ಟು ಹೊತ್ತು.

ಹತ್ತು ನಿಮಿಷ ನಿಲ್ಲಿಸುವುದು ಸಿಲಿಂಡರಿನ ಕೆಲಸವಲ್ಲ, ಗೋಡೆಗಳ ಕೆಲಸ.

ಎಚ್‌ಎಫ್‌ಸಿ-227ಇಎ ಗಾಳಿಗಿಂತ ಸುಮಾರು ಆರು ಪಟ್ಟು ಭಾರ. ಶೇ 7ರಷ್ಟು ಬೆರೆತ ಕೋಣೆಯ ಗಾಳಿ ಹೊರಗಿನ ಗಾಳಿಗಿಂತ ಮೂರನೇ ಒಂದು ಪಾಲು ಹೆಚ್ಚು ಭಾರವಿರುತ್ತದೆ. ಭಾರದ ಗಾಳಿ ಏನು ಮಾಡುತ್ತದೆ? ಕೆಳಗಿನ ತೂತುಗಳಿಂದ ಹೊರಗೆ ಹರಿಯುತ್ತದೆ, ಮೇಲಿನ ತೂತುಗಳಿಂದ ಹೊಸ ಗಾಳಿ ಒಳಗೆ ಬಂದು ಆ ಜಾಗ ತುಂಬುತ್ತದೆ. ತಳ ಒಡೆದ ತೊಟ್ಟಿಯಲ್ಲಿ ನೀರಿನ ಮಟ್ಟ ಇಳಿಯುವ ಹಾಗೆ, ಅನಿಲ ಮತ್ತು ಗಾಳಿಯ ನಡುವಿನ ಗೆರೆ ಚಾವಣಿಯಿಂದ ಮೆಲ್ಲಗೆ ಕೆಳಗಿಳಿಯುತ್ತದೆ. ಆ ಗೆರೆ ಪ್ಯಾನೆಲ್ಲಿನ ತಲೆ ಮುಟ್ಟುವ ಕ್ಷಣಕ್ಕೆ ರಕ್ಷಣೆ ಮುಗಿಯಿತು. ನೀರಿಗೂ ಇದಕ್ಕೂ ಒಂದೇ ವ್ಯತ್ಯಾಸ: ಇಲ್ಲಿ ಕೆಳಗೂ ಮೇಲೂ ಎರಡು ಕಡೆ ತೂತು ಇರಬೇಕು. ಒಂದೇ ಕಡೆ ಇದ್ದರೆ ಅನಿಲ ಸಲೀಸಾಗಿ ಹೊರಡಲಾರದು. ಅರ್ಧ ತೂತು ಕೆಳಗೆ, ಅರ್ಧ ಮೇಲೆ ಇರುವುದು ಅತಿ ಕೆಟ್ಟ ಸ್ಥಿತಿ, ಕೋಣೆಯ ಸೋರಿಕೆ ಅಳೆಯುವ ಡೋರ್ ಫ್ಯಾನ್ ಪರೀಕ್ಷೆಯ ಲೆಕ್ಕವೂ ಅದನ್ನೇ ಹಿಡಿದು ನಡೆಯುತ್ತದೆ.

ಹಾಗಾದರೆ ಮೇಲೂರಿನ ನಮ್ಮ ಕೋಣೆಯಲ್ಲಿ ಎಷ್ಟು ತೂತು ಇರಬಹುದು? ನೆಲ 40 ಚದರ ಮೀಟರ್. ಪ್ಯಾನೆಲ್ಲಿನ ಎತ್ತರ 2.4 ಮೀಟರ್ ಎಂದರೆ ಗೆರೆ 3.5ರಿಂದ 2.4ಕ್ಕೆ ಇಳಿಯುವಷ್ಟರಲ್ಲಿ 44 ಘನ ಮೀಟರ್ ಅನಿಲ ಹೊರಹೋಗಬಹುದು. ಅದಕ್ಕೆ 10 ನಿಮಿಷ ಹಿಡಿಯಬೇಕು ಎಂದರೆ, ಭಾರದ ವ್ಯತ್ಯಾಸದಿಂದ ಹರಿವಿನ ವೇಗ ಲೆಕ್ಕ ಹಾಕಿದಾಗ, ಇಡೀ ಕೋಣೆಯ ಎಲ್ಲ ಬಿರುಕು, ಸಂದಿ, ತೂತು ಸೇರಿ ಸುಮಾರು 800 ಚದರ ಸೆಂ.ಮೀ. ಮೀರಬಾರದು. ಅಂದರೆ 28 ಸೆಂ.ಮೀ. ಉದ್ದಗಲದ ಒಂದು ಚೌಕ. ಕೇಳಲು ಧಾರಾಳ ಎನಿಸುತ್ತದೆ.

ಆದರೆ ರಕ್ಷಿಸಬೇಕಾದದ್ದು ಪ್ಯಾನೆಲ್ಲಷ್ಟೇ ಅಲ್ಲ, ಚಾವಣಿಯ ಕೆಳಗೆ 3.2 ಮೀಟರ್ ಎತ್ತರದಲ್ಲಿ ಓಡುವ ಕೇಬಲ್ ಟ್ರೇ ಕೂಡ. ಈಗ ಗೆರೆ ಇಳಿಯಬಹುದಾದದ್ದು ಬರೀ 30 ಸೆಂ.ಮೀ., ಹೊರಹೋಗಬಹುದಾದದ್ದು 12 ಘನ ಮೀಟರ್. ಅನುಮತಿಸುವ ತೂತು 200 ಚದರ ಸೆಂ.ಮೀ. ಆಸುಪಾಸಿಗೆ ಕುಸಿಯುತ್ತದೆ, ಮೊದಲಿನದರ ಕಾಲುಭಾಗ. ಒಂದೇ ಕೋಣೆ, ಒಂದೇ ಅನಿಲ. ಡ್ರಾಯಿಂಗಿನಲ್ಲಿ ‘ರಕ್ಷಿಸಬೇಕಾದ ಎತ್ತರ’ ಎಂಬ ಒಂದು ಅಂಕಿ ಬದಲಾದದ್ದಕ್ಕೆ ಇಷ್ಟು. ಪರೀಕ್ಷೆಯಲ್ಲಿ ಪಾಸಾಗಲು ಈ ಅಂಕಿಯನ್ನು ಸದ್ದಿಲ್ಲದೆ ಕೆಳಗಿಳಿಸುವುದು ಸುಲಭ. ಹಾಗಾಗಿ ಡೋರ್ ಫ್ಯಾನ್ ಪರೀಕ್ಷೆಯ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ‘ಪಾಸ್’ ಎಂಬ ಮುದ್ರೆಯನ್ನಲ್ಲ, ಈ ಎತ್ತರವನ್ನು.

ಅನಿಲ ಹೆಚ್ಚಿಸಿದರೆ ಹೆಚ್ಚು ಹೊತ್ತು ನಿಲ್ಲುತ್ತದಲ್ಲ ಎಂದು ಹೆಚ್ಚಿನವರು ಕೇಳುತ್ತಾರೆ. ಇಲ್ಲ. ಶೇ 8.5ಕ್ಕೆ ಏರಿಸಿದರೆ ಮಿಶ್ರಣ ಇನ್ನೂ ಭಾರವಾಗಿ, ಅದೇ ತೂತುಗಳಿಂದ ಶೇ 8ರಷ್ಟು ಹೆಚ್ಚು ವೇಗವಾಗಿ ಸುರಿದುಹೋಗುತ್ತದೆ. ಗೆರೆ ಬೇಗ ಇಳಿಯುತ್ತದೆಯೇ ಹೊರತು ನಿಧಾನವಾಗುವುದಿಲ್ಲ. ನೈಟ್ರೋಜನ್, ಆರ್ಗಾನ್ ಬೆರೆಸಿದ ಐಜಿ-541ರಂಥ ಜಡ ಅನಿಲಗಳ ಮಿಶ್ರಣ ಹೆಚ್ಚುಕಡಿಮೆ ಗಾಳಿಯಷ್ಟೇ ಹಗುರ, ಆದ್ದರಿಂದ ತುಂಬ ಹೊತ್ತು ನಿಲ್ಲುತ್ತದೆ. ಆದರೆ ಅದಕ್ಕೆ ಸಾಲುಸಾಲು ಸಿಲಿಂಡರ್ ಬೇಕು, ಅನಿಲ ನುಗ್ಗುವಾಗ ಗೋಡೆ ಒಡೆಯದಂತೆ ಒತ್ತಡ ಬಿಡುವ ಕಿಂಡಿಯೂ ಬೇಕು.

ತೂತು ಎಲ್ಲಿರುತ್ತದೆ? ನಮ್ಮ ಕಡೆಯ ಪ್ಯಾನೆಲ್ ರೂಮಿನಲ್ಲಿ ಟ್ರಾನ್ಸ್‌ಫಾರ್ಮರ್ ಯಾರ್ಡಿನಿಂದ ಕೇಬಲ್ ಬರುವುದು ನೆಲದೊಳಗಿನ 150 ಮಿ.ಮೀ. ಪೈಪಿನಲ್ಲಿ. ಆ ಪೈಪಿನ ಬಾಯಿ 177 ಚದರ ಸೆಂ.ಮೀ.; ಅದರೊಳಗೆ 70 ಮಿ.ಮೀ. ದಪ್ಪದ ಕೇಬಲ್ ಇದ್ದರೆ ಉಳಿದ ಸಂದಿ 138. ಅಂಥ ಆರು ಪೈಪು ಎಂದರೆ 830. ಗೋಡೆಯ ಮೇಲ್ತುದಿಯಲ್ಲಿ 300 ಮಿ.ಮೀ.ನ ಒಂದು ಎಕ್ಸಾಸ್ಟ್ ಫ್ಯಾನ್. ಅದರ ಲೂವರ್ ಧೂಳು ಕಟ್ಟಿ ಅರ್ಧ ತೆರೆದೇ ನಿಂತಿರುತ್ತದೆ, ಪೂರ್ತಿ ತೆರೆದರೆ 700 ಚದರ ಸೆಂ.ಮೀ. ಕೆಳಗೆ ಆರು ಪೈಪು, ಮೇಲೆ ಒಂದು ಫ್ಯಾನು: ಅತಿ ಕೆಟ್ಟ ಸ್ಥಿತಿ ಎಂದು ಮಾನದಂಡ ಕಲ್ಪಿಸಿಕೊಂಡದ್ದು ಇಲ್ಲಿ ಕಣ್ಣೆದುರಿಗೇ ಇದೆ. ಲೂವರ್ ಪೂರ್ತಿ ತೆರೆದಿದ್ದರೆ ಪ್ಯಾನೆಲ್ ತಲೆಯವರೆಗೆ ರಕ್ಷಣೆ ಐದು ನಿಮಿಷ ಚಿಲ್ಲರೆ, ಟ್ರೇಗೆ ಒಂದೂಕಾಲು ನಿಮಿಷ. 73 ಕೆ.ಜಿ. ಅನಿಲದ ಬೆಲೆ ತೆತ್ತು ಕೊಂಡದ್ದು ಅಷ್ಟು.

ಇದನ್ನು ಅನಿಲ ಬಿಡದೆಯೇ ಅಳೆಯುವ ಉಪಾಯ ಡೋರ್ ಫ್ಯಾನ್ ಪರೀಕ್ಷೆ. ಬಾಗಿಲಿನ ಚೌಕಟ್ಟಿಗೆ ಬಟ್ಟೆಯ ಪರದೆ ಬಿಗಿದು, ಅದರ ನಡುವೆ ಅಳತೆಯ ಫ್ಯಾನ್ ಕೂರಿಸುತ್ತಾರೆ. ಫ್ಯಾನ್ ಗಾಳಿ ಒಳಕ್ಕೆ ತಳ್ಳಿ, ಕೋಣೆಯೊಳಗೆ ಹೊರಗಿಗಿಂತ ಕೆಲವು ಪ್ಯಾಸ್ಕಲ್‌ನಿಂದ 50 ಪ್ಯಾಸ್ಕಲ್ ತನಕ ಒತ್ತಡ ಏರಿಸುತ್ತದೆ. ಆ ಒತ್ತಡ ಕಾಯ್ದುಕೊಳ್ಳಲು ಗಂಟೆಗೆ ಎಷ್ಟು ಗಾಳಿ ತಳ್ಳಬೇಕೋ ಅಷ್ಟೇ ತೂತುಗಳಿಂದ ಸೋರುತ್ತಿದೆ ಎಂದರ್ಥ. 800 ಚದರ ಸೆಂ.ಮೀ. ತೂತಿರುವ ಕೋಣೆಗೆ 50 ಪ್ಯಾಸ್ಕಲ್‌ನಲ್ಲಿ ಗಂಟೆಗೆ ಸುಮಾರು 1,600 ಘನ ಮೀಟರ್, 200ರ ಕೋಣೆಗೆ 400. ಆಮೇಲೆ ಫ್ಯಾನನ್ನು ತಿರುಗಿಸಿ ಗಾಳಿ ಹೊರಕ್ಕೆಳೆದು ಇನ್ನೊಮ್ಮೆ ಅಳೆಯುತ್ತಾರೆ. ಕೆಲವು ಲೂವರ್ ಒಳಗಿನ ಒತ್ತಡ ಏರಿದರೆ ಮುಚ್ಚಿ, ಇಳಿದರೆ ತೆರೆಯುತ್ತವೆ. ಒಂದೇ ದಿಕ್ಕಿನ ಅಳತೆ ಮೋಸ ಮಾಡುತ್ತದೆ. ಫ್ಯಾನ್ ಓಡುತ್ತಿರುವಾಗ ಹೊಗೆ ಬಿಡುವ ಪೆನ್ ಹಿಡಿದು ಗೋಡೆಯುದ್ದಕ್ಕೂ ನಡೆದರೆ ಹೊಗೆಯೆಳೆ ಬಾಗುವ ಕಡೆ ತೂತು. ಕಾಂಡ್ಯುಟ್ ಪೈಪಿನ ಜಂಕ್ಷನ್ ಬಾಕ್ಸಿನೊಳಗೆ, ಬೀಮ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ, ಫಾಲ್ಸ್ ಸೀಲಿಂಗ್ ಮೇಲಿನ ಕತ್ತಲಲ್ಲಿ, ಬಾಗಿಲಡಿಯ ಸಂದಿಯಲ್ಲಿ ಹೊಗೆ ಬಾಗುತ್ತದೆ. ಚೆಕ್ಕರ್ ಪ್ಲೇಟನ್ನು ಎತ್ತಿ ನೋಡುವವರು ಕಡಿಮೆ; ಅಲ್ಲೇ ಹೊಗೆ ನೇರ ಹೊರಗೆ ಎಳೆದುಹೋಗುವುದು.

ಮುಚ್ಚುವ ಬಗೆಯಲ್ಲೂ ಸರಿ ತಪ್ಪು ಇದೆ. ಪೈಪಿನ ಬಾಯಿಗೆ ಮರಳು ತುಂಬಿ, ಮೇಲೆ ತೆಳುವಾಗಿ ಸಿಮೆಂಟ್ ಹಚ್ಚಿದ್ದನ್ನು ಎಲ್ಲೆಡೆ ನೋಡಬಹುದು. ಮಳೆಗಾಲ ಮುಗಿಯುವಷ್ಟರಲ್ಲಿ ಮರಳು ಕುಸಿದು ಮೇಲೆ ಅರ್ಧಚಂದ್ರದಂಥ ಸಂದಿ ಬಿಟ್ಟಿರುತ್ತದೆ. ಡಬ್ಬಿಯ ಪಿಯು ಫೋಮ್ ಸಿಂಪಡಿಸಿದರೆ ಪರೀಕ್ಷೆಯ ದಿನ ಕೋಣೆ ಪಾಸಾಗುತ್ತದೆ, ಆದರೆ ಬೆಂಕಿ ಬಿದ್ದ ದಿನ ಆ ಫೋಮೇ ಮೊದಲು ಉರಿಯುತ್ತದೆ. ಬೆಂಕಿ ತಡೆಯುವ ಗಾರೆ, ರಾಕ್‌ವೂಲ್ ಹಲಗೆಯ ಮೇಲೆ ಲೇಪನ, ಅಥವಾ ಒಂದೊಂದು ಕೇಬಲ್ಲಿಗೂ ಒಂದೊಂದು ರಬ್ಬರ್ ಅಚ್ಚು ಕೂರಿಸುವ ಕೇಬಲ್ ಟ್ರಾನ್ಸಿಟ್ ಚೌಕಟ್ಟು, ಇವು ಇದಕ್ಕೆಂದೇ ಇರುವ ಸಾಮಗ್ರಿ. ಕೊನೆಯದು ದುಬಾರಿ, ಆದರೆ ನಾಳೆ ಹೊಸ ಕೇಬಲ್ ಎಳೆಯುವಾಗ ಒಡೆಯದೆ ಅಚ್ಚು ಬದಲಿಸಬಹುದು. ಎಕ್ಸಾಸ್ಟ್ ಫ್ಯಾನಿಗೆ ಮೋಟರ್ ಇರುವ ಡ್ಯಾಂಪರ್ ಬೇಕು, ಡಿಟೆಕ್ಟರ್ ಕೂಗಿದ ಕೂಡಲೇ ಅದು ಮುಚ್ಚಿ, ಫ್ಯಾನೂ ಎಸಿಯ ಹೊರಗಾಳಿಯೂ ನಿಲ್ಲಬೇಕು.

ಎಲ್ಲವನ್ನೂ ಮುಚ್ಚಿದ ಕೋಣೆಗೂ ಒಂದು ಅಪಾಯವಿದೆ. ಎಚ್‌ಎಫ್‌ಸಿ-227ಇಎ ಸುರಿದ ಮೊದಲ ಕ್ಷಣ ಗಾಳಿ ಒಮ್ಮೆಲೆ ತಣಿದು ಕೋಣೆಯ ಒತ್ತಡ ಕುಸಿಯುತ್ತದೆ, ಮರುಕ್ಷಣ ಏರುತ್ತದೆ. ಒತ್ತಡದ ಏರಿಳಿತ 250 ಪ್ಯಾಸ್ಕಲ್ ಮುಟ್ಟಿದರೆ ಎರಡು ಚದರ ಮೀಟರಿನ ಬಾಗಿಲ ಮೇಲೆ 50 ಕೆ.ಜಿ. ಭಾರ ಒರಗಿದಂತೆ. ಒಂದೇ ಇಟ್ಟಿಗೆಯ ಗೋಡೆ, ಜಿಪ್ಸಮ್ ಬೋರ್ಡಿನ ಪಾರ್ಟಿಷನ್, ಸಡಿಲ ಸೀಲಿಂಗ್ ಟೈಲುಗಳಿಗೆ ಇದು ಚಿಲ್ಲರೆಯಲ್ಲ. ಡೋರ್ ಫ್ಯಾನ್ ಅಳತೆಯಿಂದಲೇ ಈ ಒತ್ತಡವನ್ನೂ ಅಂದಾಜಿಸಿ, ಬೇಕಾದರೆ ಮೇಲ್ಭಾಗದಲ್ಲಿ ತಾನಾಗಿ ತೆರೆದು ತಾನಾಗಿ ಮುಚ್ಚುವ ಕಿಂಡಿ ಇಡುತ್ತಾರೆ. ಮೇಲ್ಭಾಗದಲ್ಲೇ ಏಕೆ ಎಂದರೆ, ಭಾರದ ಅನಿಲ ಕೆಳಗಿನ ಕಿಂಡಿಯಿಂದ ಬೇಗ ಜಾರುತ್ತದೆ.

ಇಷ್ಟೆಲ್ಲ ಆದ ಮೇಲೂ ಹತ್ತು ನಿಮಿಷವನ್ನು ಕೆಡಿಸುವುದು ಹೆಚ್ಚಾಗಿ ಬಾಗಿಲು. ಸೈರನ್ ಕೇಳಿ ಓಡಿಬಂದ ಸೆಕ್ಯುರಿಟಿಯವರು ‘ಏನಾಯ್ತು ನೋಡೋಣ’ ಎಂದು ಬಾಗಿಲು ತೆರೆಯುತ್ತಾರೆ. ಒಂದು ಮೀಟರ್ ಅಗಲ, 2.1 ಮೀಟರ್ ಎತ್ತರದ ತೆರೆದ ಬಾಗಿಲಿನಿಂದ ಈ ಭಾರದ ಮಿಶ್ರಣ ಸೆಕೆಂಡಿಗೆ ಸುಮಾರು ಒಂದು ಘನ ಮೀಟರಿನಂತೆ ಹೊರಗೆ ಹರಿಯುತ್ತದೆ. ಒಂದು ನಿಮಿಷದಲ್ಲಿ ಕೋಣೆಯ ಅನಿಲದ ಕಾಲುಭಾಗಕ್ಕಿಂತ ಹೆಚ್ಚು ಖಾಲಿ. ಬೆಂಕಿ ದೊಡ್ಡದಿದ್ದರೆ ಆ ಗಾಳಿಯಲ್ಲಿ ಹೈಡ್ರೋಜನ್ ಫ್ಲೋರೈಡೂ ಇರುತ್ತದೆ. ಆದ್ದರಿಂದ ಬಾಗಿಲ ಹೊರಗೆ ಕನ್ನಡದಲ್ಲಿ, ದೂರದಿಂದ ಓದುವಷ್ಟು ದೊಡ್ಡದಾಗಿ ಬರೆದಿರಬೇಕು: ‘ಅನಿಲ ಬಿಟ್ಟಿದೆ. ಒಳಗೆ ಹೋಗಬೇಡಿ. ಬಾಗಿಲು ತೆರೆಯಬೇಡಿ.’ ಒಳಗಿನ ಸ್ಥಿತಿ ನೋಡಲು ಬಾಗಿಲಿನಲ್ಲಿ ಗಾಜಿನ ಸಣ್ಣ ಕಿಟಕಿ ಇದ್ದರೆ ತೆರೆಯುವ ಆಸೆಯೇ ಕಡಿಮೆಯಾಗುತ್ತದೆ. ಹತ್ತು ನಿಮಿಷ ಕಳೆದ ಮೇಲೆ, ವಿದ್ಯುತ್ ಪೂರ್ತಿ ಹೋಗಿದೆ ಎಂದು ಖಚಿತಪಡಿಸಿಕೊಂಡು, ಉಸಿರಾಟದ ಉಪಕರಣ ಧರಿಸಿದವರು ಮಾತ್ರ ಒಳಹೋಗಿ ಟ್ರೇ ಮುಟ್ಟಿ ನೋಡಬೇಕು.

ಭಾರತೀಯ ಮಾನದಂಡ ಐಎಸ್ 15493 ಅನಿಲ ವ್ಯವಸ್ಥೆಗಳ ಸಾಮಾನ್ಯ ನಿಯಮಗಳಿಗೆ, ಐಎಸ್ 15517 ಎಚ್‌ಎಫ್‌ಸಿ-227ಇಎಗೆ. ಸಿಲಿಂಡರ್ ತೂಕ ಶೇ 5ಕ್ಕಿಂತ ಹೆಚ್ಚು ಕಡಿಮೆಯಾದರೆ, ಅಥವಾ ಉಷ್ಣತೆ ಹೊಂದಿಸಿ ನೋಡಿದ ಒತ್ತಡ ಶೇ 10ಕ್ಕಿಂತ ಹೆಚ್ಚು ಇಳಿದರೆ ಮತ್ತೆ ತುಂಬಿಸಬೇಕು ಎಂಬುದು ರೂಢಿಯಲ್ಲಿರುವ ನಿಯಮ. ನಮ್ಮ 73 ಕೆ.ಜಿ.ಯ ಸಿಲಿಂಡರಿಗೆ ಆ ಶೇ 5 ಎಂದರೆ 3.65 ಕೆ.ಜಿ.; ಗೇಜು ನೋಡಿ ಇದು ಗೊತ್ತಾಗದು, ಯಾಕೆಂದರೆ ಗೇಜಿನಲ್ಲಿ ಕಾಣುವ ಒತ್ತಡ ಮುಖ್ಯವಾಗಿ ಅನಿಲವನ್ನು ತಳ್ಳಲು ತುಂಬಿದ ನೈಟ್ರೋಜನ್ನಿನದು. ತೂಕದ ಕಾಟಾ ಮೇಲಿಟ್ಟೇ ನೋಡಬೇಕು. ಕೋಣೆಗೂ ಹೀಗೇ ವರ್ಷಕ್ಕೊಮ್ಮೆ ತಪಾಸಣೆ: ಕಳೆದ ಸಲದ ಬಳಿಕ ಗೋಡೆಗೆ ಹೊಸ ತೂತು ಬಿದ್ದಿದೆಯೇ ಎಂದು ಹುಡುಕಿ, ಬಿದ್ದಿದ್ದರೆ ಮುಚ್ಚಿ, ಅನುಮಾನವಿದ್ದರೆ ಡೋರ್ ಫ್ಯಾನ್ ಮತ್ತೆ ಕೂರಿಸಬೇಕು. ಕೆಲವು ಕಾರ್ಖಾನೆಗಳು ಇದನ್ನು ಕೇಬಲ್ ಎಳೆಯುವ ಕಂಟ್ರಾಕ್ಟರಿನ ವರ್ಕ್ ಪರ್ಮಿಟ್‌ಗೇ ಜೋಡಿಸಿವೆ: ಕೊರೆದ ತೂತು ಮುಚ್ಚಿದ ಫೋಟೋ ಕೊಡದಿದ್ದರೆ ಬಿಲ್ ಪಾಸಾಗುವುದಿಲ್ಲ.